ಒಂದು ಕ್ಷಣ ನಿಲ್ಲಿ

ಆಸ್ಪತ್ರೆಯ ಲಾಂಡ್ರಿಯ ಸೂಪರ್‌ವೈಸರ್‌ಗೆ ಇದ್ದದ್ದು ಎರಡೇ ಭಯ. ಒಂದು, ದೊಡ್ಡ ವಾಷಿಂಗ್ ಮೆಷಿನ್ ಹೊಟ್ಟೆ ತುಂಬ ನೀರು ಬಟ್ಟೆ ಇಟ್ಟುಕೊಂಡು ಕೆಟ್ಟು ನಿಲ್ಲುವುದು. ಇನ್ನೊಂದು, ನಾಲ್ಕು ಜನರ ಎದುರು ಎದ್ದು ನಿಂತು ಮಾತಾಡುವುದು. ಮೊದಲನೆಯದಕ್ಕೆ ಮೆಕ್ಯಾನಿಕ್ ಇದ್ದ. ಎರಡನೆಯದಕ್ಕೆ ಯಾರೂ ಇರಲಿಲ್ಲ. ಅವನ ಮದುವೆಯಲ್ಲೂ ಬಂದವರಿಗೆಲ್ಲ ಊಟ ಮಾಡಿಕೊಂಡು ಹೋಗಿ ಅಂತ ಹೇಳಿದ್ದು ಅವನ ಅತ್ತಿಗೆಯೇ.

ಅಂಥವನಿಗೆ ಮಧ್ಯಾಹ್ನ ಆಡಳಿತ ಕಚೇರಿಯಿಂದ ಮ್ಯಾನೇಜರ್ ಫೋನ್ ಮಾಡಿದರು.

"ಸ್ಲೈಡ್ ಕಳಿಸಿದೀನಿ. ನಾಳೆ ಬೆಳಿಗ್ಗೆ ಬಟ್ಟೆ ಮಡಚೋ ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸ್ಕೊಂಡು ನೀನೇ ಪ್ರೆಸೆಂಟ್ ಮಾಡಿಬಿಡಪ್ಪ."

"ನಾನಾ ಸಾರ್?"

"ಮತ್ತೆ ನಾನಾ? ಅವರು ನಿನ್ನ ಜನ ತಾನೆ. ನೀನು ಹೇಳಿದ್ರೆ ಕೇಳ್ತಾರೆ." ಅಷ್ಟು ಹೇಳಿ ಫೋನ್ ಇಟ್ಟರು.

ಬಟ್ಟೆ ಮಡಚುವ ಹೊಸ ಮೆಷಿನ್ ಬರುತ್ತದೆ ಎನ್ನುವುದು ಲಾಂಡ್ರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸದ್ಯ ಕುತ್ತಿಗೆ ನೋವು ಕಡಿಮೆ ಆದೀತು ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಅವನು ತನ್ನ ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತು ಸ್ಲೈಡುಗಳನ್ನು ಸರಸರನೆ ಸರಿಸಿದ. ಮೆಷಿನ್ನಿನ ಫೋಟೋ, ಬಣ್ಣಬಣ್ಣದ ಕಂಬಗಳು, ಬಾಣಗಳು, ಶೇಕಡಾವಾರು. ಕಣ್ಣಿಗೆ ಎಲ್ಲವೂ ಕಂಡವು, ತಲೆಗೆ ಒಂದೂ ಹತ್ತಲಿಲ್ಲ. ನಾಳೆ ನಾಲಿಗೆ ತೊದಲಿದರೆ ಏನು ಗತಿ ಎನ್ನುವುದೊಂದೇ ಅವನ ತಲೆಯಲ್ಲಿ ಗಿರಗಿರ ಸುತ್ತುತ್ತಿತ್ತು. ಹೆದರಿದವನಿಗೆ ತನ್ನ ಹೆದರಿಕೆಯ ಮುಂದೆ ಬೇರೆ ಯಾರ ಕಷ್ಟವೂ ಕಾಣುವುದಿಲ್ಲ ನೋಡಿ.

ಕಂಪ್ಯೂಟರಿನಲ್ಲಿ ಎಐ ಸಹಾಯಕ ಇತ್ತು. ಮೆಷಿನ್ ಕಂಪನಿಗೆ ದೂರಿನ ಪತ್ರ ಬರೆಸಲು ಆಗಾಗ ಅದನ್ನು ಬಳಸುತ್ತಿದ್ದ. ಸ್ಲೈಡುಗಳ ಫೈಲನ್ನು ಅದಕ್ಕೆ ಹಾಕಿ, ಬೆವರಿದ ಬೆರಳಿನಲ್ಲಿ ಒಂದೇ ಸಾಲು ಒತ್ತಿದ: "ನಾಳೆ ನಾನು ಪ್ರೆಸೆಂಟ್ ಮಾಡಬೇಕು." ಯಾರಿಗೆ, ಎಲ್ಲಿ, ಎಷ್ಟು ಹೊತ್ತು, ಏನು ಬೇಕು, ಒಂದನ್ನೂ ಹೇಳಲಿಲ್ಲ. ಪಾಪ, ಮ್ಯಾನೇಜರು ಹೇಳಿದಷ್ಟನ್ನೂ ಬರೆಯುವ ಸಮಾಧಾನ ಅವನಿಗಿರಲಿಲ್ಲ.

ಎಐ ಸ್ಲೈಡುಗಳಿಗೆ ಕೈ ಹಚ್ಚಲಿಲ್ಲ. ನಾಳೆ ಮಾತಾಡಬೇಕಾದವನಿಗೆ ಇವತ್ತು ಬೇಕಾದದ್ದು ಬಾಯಿಗೆ ಬರುವ ಮಾತು ಎಂದು ಊಹಿಸಿ, ಒಂದೊಂದು ಸ್ಲೈಡಿಗೂ ಹೇಳಬೇಕಾದ್ದನ್ನು ಬರೆದು ಮುಂದಿಟ್ಟಿತು. ಎಲ್ಲಕ್ಕಿಂತ ಮೇಲೆ ಒಂದಿಷ್ಟು ಸಾಲುಗಳಿದ್ದವು. ಅವನು ಅವನ್ನು ಓದುವ ಗೋಜಿಗೇ ಹೋಗಲಿಲ್ಲ. ಏನೋ ನಮಸ್ಕಾರ ಪೀಠಿಕೆ ಇರಬೇಕು ಅಂದುಕೊಂಡು ಸರಿಸಿ, 'ಸ್ಲೈಡ್ ಒಂದು' ಎಂದು ಇದ್ದಲ್ಲಿಂದ ಪ್ರಿಂಟ್ ತೆಗೆದ. ಓದಿ ನೋಡಿದರೆ ಎಂಥ ಚೆಂದದ ಮಾತು! ಚಿಕ್ಕ ಚಿಕ್ಕ ವಾಕ್ಯ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ನಿಲ್ಲಬೇಕು ಎನ್ನುವುದೂ ಇತ್ತು. ಮೊದಲ ಎರಡು ಹಾಳೆ ಓದುವಷ್ಟರಲ್ಲಿ ಅವನ ಎದೆಬಡಿತ ಇಳಿಯಿತು. ಉಳಿದದ್ದನ್ನು ಸಂಜೆ ಜೋರಾಗಿ ಓದಿ ಅಭ್ಯಾಸ ಮಾಡೋಣ ಎಂದು ಮಡಚಿ ಜೇಬಿಗಿಟ್ಟ.

ಅಭ್ಯಾಸಕ್ಕೆ ಅತ್ತಿಗೆಗಿಂತ ಒಳ್ಳೆಯ ಸಭೆ ಎಲ್ಲಿ ಸಿಗಬೇಕು? ಕೆಲಸ ಮುಗಿಸಿ ನೇರ ಅಣ್ಣನ ಮನೆಗೆ ಹೋದ. ಅವನನ್ನು ಕೈಹಿಡಿದು ಶಾಲೆಗೆ ಬಿಟ್ಟವರು ಅವರು. ಲಾಂಡ್ರಿಗೆ ಸೇರಿಸಿದವರೂ ಅವರೇ. ಅವನು ಮೇಲೇರಿ ಸೂಪರ್‌ವೈಸರ್ ಆದ, ಅವರು ಮಡಚುವ ಟೇಬಲ್ಲಿನಲ್ಲೇ ಉಳಿದರು. ಅಣ್ಣ ಬೆನ್ನು ಮುರಿದುಕೊಂಡು ಮಲಗಿದ ಮೇಲೆ ಆ ಮನೆಯ ಒಲೆ ಉರಿಯುತ್ತಿದ್ದದ್ದು ಅವರ ಸಂಬಳದಿಂದಲೇ.

"ನೆಟ್ಟಗೆ ನಿಂತ್ಕೊಳೋ, ಬಾಗಿಲ ಹಿಂದೆ ಬಚ್ಚಿಟ್ಕೊಂಡ ಹಾಗೆ ನಿಂತಿದೀಯ," ಎಂದರು ಅತ್ತಿಗೆ. ಅಡುಗೆಮನೆಯ ಮೇಜಿನ ಮುಂದೆ ತರಕಾರಿ ಹೆಚ್ಚುತ್ತ ಕೂತಿದ್ದರು. ಒಳಕೋಣೆಯಿಂದ ಅಣ್ಣ, "ಜೋರಾಗಿ ಹೇಳೋ, ನನಗೂ ಕೇಳಿಸ್ಲಿ," ಎಂದು ಕೂಗಿದ.

ಅವನು ಗಂಟಲು ಸರಿಮಾಡಿಕೊಂಡು ಓದತೊಡಗಿದ. ಒಂದು, ಎರಡು, ಮೂರು. ತೊದಲಲೇ ಇಲ್ಲ. ಅತ್ತಿಗೆಯ ಮುಖ ಅರಳಿತು. "ಅಬ್ಬಾ, ಇವನೇನಾ ನಮ್ಮ ಹುಡುಗ!" ಎಂದರು. ಅವನಿಗೂ ಹುಮ್ಮಸ್ಸು ಬಂತು. ಕೈ ಬೇರೆ ಆಡಿಸತೊಡಗಿದ. ಏಳನೆಯ ಸ್ಲೈಡಿಗೆ ಬಂದ.

"ಈಗ ಎಲ್ಲಕ್ಕಿಂತ ಮುಖ್ಯವಾದ ಲಾಭ ನೋಡೋಣ. ಮಡಚುವ ಟೇಬಲ್‌ಗಳು ಆರರಿಂದ ಎರಡಕ್ಕೆ ಇಳಿಯುತ್ತವೆ. ವಿಭಾಗದ ಮೇಲಿದ್ದ ಸಂಬಳದ ಹೊರೆ ಗಣನೀಯವಾಗಿ ಕಡಿಮೆಯಾಗುತ್ತದೆ. ಒಂದು ಕ್ಷಣ ನಿಲ್ಲಿ. ಸಂಖ್ಯೆ ಸಭಿಕರ ಮನಸ್ಸಿಗೆ ಇಳಿಯಲಿ."

ನಿಲ್ಲಿ ಎನ್ನುವುದನ್ನೂ ಬಾಯಿಬಿಟ್ಟು ಓದಿಯೇಬಿಟ್ಟಿದ್ದ. ಓದಿ, ಅದರಲ್ಲಿದ್ದ ಹಾಗೆ ನಿಂತೂ ಬಿಟ್ಟ. ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತ್ತು. ತಾನು ಏನು ಓದಿದೆ ಎಂಬುದು ಅವನ ಕಿವಿಗೆ ಆಗ ಬಿತ್ತು.

"ಹೊರೆ ಅಂದ್ರೆ ನಾವಾ?" ಎಂದರು ಅತ್ತಿಗೆ.

"ಅತ್ತಿಗೆ, ನಾನು... ಇದು ನಾನು ಬರೆದಿದ್ದಲ್ಲ."

"ನೀನು ಓದಿದ್ದಲ್ವಾ?" ಅವರು ಚಾಕು ಕೆಳಗಿಟ್ಟರು. ಕೋಪ ಮಾಡಿಕೊಂಡು ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಅವರು ಮಾತ್ರ ತಣ್ಣಗೆ, "ಚೆನ್ನಾಗಿ ಓದ್ದೆ ಕಣೋ. ಒಂದು ಕಡೆನೂ ತಡವರಿಸ್ಲಿಲ್ಲ," ಎಂದರು.

ಅವನು ತನ್ನ ಮನೆಗೂ ಹೋಗಲಿಲ್ಲ, ಕಾಲು ಎಳೆದುಕೊಂಡು ಮತ್ತೆ ಲಾಂಡ್ರಿಗೇ ಬಂದ. ಕಂಪ್ಯೂಟರಿನಲ್ಲಿ ಆ ಮಾತುಕತೆ ಹಾಗೇ ತೆರೆದಿತ್ತು. ಮೇಲಕ್ಕೆ ಸರಿಸಿ, ಬಿಟ್ಟಿದ್ದ ಸಾಲುಗಳನ್ನು ಓದಿದ. 'ಕೇಳುಗರು ಯಾರು, ಸಮಯ ಎಷ್ಟು ಎಂದು ನೀವು ತಿಳಿಸಿಲ್ಲ. ಸ್ಲೈಡುಗಳ ಭಾಷೆ ನೋಡಿದರೆ ಆಡಳಿತ ಮಂಡಳಿಗೆ ಮಾಡಿದಂತಿದೆ. ಅದನ್ನೇ ಆಧಾರವಾಗಿಟ್ಟುಕೊಂಡು ಬರೆದಿದ್ದೇನೆ. ಕೇಳುವವರು ಈ ಕೆಲಸ ಮಾಡುವವರೇ ಆಗಿದ್ದರೆ ಏಳು ಮತ್ತು ಎಂಟನೆಯ ಸ್ಲೈಡಿನ ಮಾತನ್ನು ಹೀಗೆ ಹೇಳಬೇಡಿ, ನನಗೆ ತಿಳಿಸಿ, ಬದಲಿಸುತ್ತೇನೆ. ಇನ್ನೊಂದು ವಿಷಯ: ಕಡಿಮೆಯಾಗುವ ಟೇಬಲ್‌ಗಳ ಜನ ಏನಾಗುತ್ತಾರೆ ಎಂಬುದು ಯಾವ ಸ್ಲೈಡಿನಲ್ಲೂ ಇಲ್ಲ. ಆ ಪ್ರಶ್ನೆ ಬರಬಹುದು.'

ಅಯ್ಯೋ ಮಂಕೇ, ಕಣ್ಣೆದುರೇ ಇತ್ತಲ್ಲ ಎಂದು ಹಣೆ ಚಚ್ಚಿಕೊಂಡ. ಆಮೇಲೆ ಬರೆದ: "ಕೇಳುವವರು ಆ ಟೇಬಲ್‌ನವರೇ. ಅವರಲ್ಲಿ ನನ್ನ ಅತ್ತಿಗೆ ಇದ್ದಾರೆ."

ಈ ಸಲ ಬಂದದ್ದು ಬೇರೆಯೇ. ಮೆಷಿನ್ನಿನ ಫೋಟೋ ತೋರಿಸುವ ಮೊದಲೇ ಟೇಬಲ್‌ಗಳು ಕಡಿಮೆಯಾಗುವ ಸುದ್ದಿ ನೇರವಾಗಿ ಹೇಳಿ ಎಂದಿತ್ತು. ಲಾಭ, ಹೊರೆ ಎಂಬ ಮಾತುಗಳು ಹೋಗಿದ್ದವು. ಎಂಟನೆಯ ಸ್ಲೈಡಿನಲ್ಲಿ ಖಾಲಿ ಜಾಗ ಬಿಟ್ಟು ಹೀಗೆ ಬರೆದಿತ್ತು: 'ಈ ಜನರ ಕೆಲಸದ ಬಗ್ಗೆ ಆಡಳಿತದ ತೀರ್ಮಾನವನ್ನು ಇಲ್ಲಿ ಹೇಳಬೇಕು. ಅದು ನನಗೆ ಗೊತ್ತಿಲ್ಲ, ಊಹಿಸಿ ಬರೆಯುವುದು ಸರಿಯಲ್ಲ. ದಯವಿಟ್ಟು ಇವತ್ತೇ ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ, ಕೇಳಿದೆ, ಸಿಗಲಿಲ್ಲ ಎಂದು ಅವರಿಗೆ ಹೇಳಿ.'

ಅವನು ಮ್ಯಾನೇಜರಿಗೆ ಫೋನ್ ಮಾಡಿದ. ಅವರು ಕಾರು ಓಡಿಸುತ್ತಿದ್ದರು.

"ಸಾರ್, ಆ ಸ್ಲೈಡ್‌ಗಳು ಮಂಡಳಿಗೆ ಮಾಡಿದ್ದಾ?"

"ಹೌದು, ಹೋದ ವಾರ ತೋರಿಸಿದ್ದು. ಅದನ್ನೇ ಕಳಿಸಿದೆ. ಇದಕ್ಕೆಲ್ಲ ಹೊಸದಾಗಿ ಮಾಡ್ತಾ ಕೂರೋಕಾಗುತ್ತಾ?"

"ನಾಲ್ಕು ಟೇಬಲ್ ಜನ ಏನಾಗ್ತಾರೆ ಸಾರ್? ಕೇಳ್ತಾರೆ ಅವರು."

"ಎರಡು ಟೇಬಲ್‌ಗೆ ಯಾರನ್ನ ಇಟ್ಕೋಬೇಕು ಅನ್ನೋದನ್ನ ನೀನೇ ಬರೆದುಕೊಡು. ನಿನಗೇ ತಾನೆ ಅವರ ಕೆಲಸ ಗೊತ್ತಿರೋದು. ಮಿಕ್ಕವರಿಗೆ ತಿಂಗಳ ಕೊನೆಗೆ ಲೆಕ್ಕ ಚುಕ್ತಾ. ನಾಳೆ ಇದನ್ನ ಹೇಳೋಕೆ ಹೋಗ್ಬೇಡ ಮತ್ತೆ. ಸ್ಲೈಡಲ್ಲಿ ಇರೋದು ಹೇಳು, ಸಾಕು."

ಫೋನ್ ಇಟ್ಟಮೇಲೆ ಅವನು ಎಂಟನೆಯ ಸ್ಲೈಡಿನ ಆ ಖಾಲಿ ಜಾಗಕ್ಕೆ ಬಂದ. ತುಂಬಲು ಈಗ ಉತ್ತರವಿತ್ತು. ತುಂಬುವ ಧೈರ್ಯ ಇರಲಿಲ್ಲ. ಹಾಗೇ ಪ್ರಿಂಟ್ ತೆಗೆದ.

ಬೆಳಿಗ್ಗೆ ಇಸ್ತ್ರಿ ಮೆಷಿನ್ ನಿಲ್ಲಿಸಿ, ಮಡಚುವ ಹಾಲ್‌ನ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ ಪ್ರೊಜೆಕ್ಟರ್ ಇಟ್ಟರು. ಹೆಂಗಸರು ಟೇಬಲ್‌ಗಳಿಗೆ ಒರಗಿ, ಬಟ್ಟೆ ಗಂಟುಗಳ ಮೇಲೆ ಕೂತರು. ಮೇಲೆ ಫ್ಯಾನು ಗಡಗಡ ಅನ್ನುತ್ತಿತ್ತು. ಅತ್ತಿಗೆ ಎದುರಿಗೇ ಕೂತಿದ್ದರು.

"ಮೊದಲು ಕೆಟ್ಟ ಸುದ್ದಿ ಹೇಳ್ತೀನಿ," ಎಂದು ಓದಿದ. "ಹೊಸ ಮೆಷಿನ್ ಬಂದಮೇಲೆ ಆರು ಟೇಬಲ್‌ನಲ್ಲಿ ಎರಡೇ ಉಳಿಯುತ್ತವೆ."

ಯಾರೋ "ಅಯ್ಯೋ ದೇವರೇ" ಎಂದರು. ಗುಜುಗುಜು ಎದ್ದಿತು. ಅವನು ತೊದಲುತ್ತ, ಬೆವರುತ್ತ, ಹಾಳೆಯಲ್ಲಿದ್ದದ್ದನ್ನೆಲ್ಲ ಹೇಳಿ ಎಂಟನೆಯ ಸ್ಲೈಡಿಗೆ ಬಂದು ನಿಂತ. ಅಲ್ಲಿ ಹಾಳೆ ಖಾಲಿಯಿತ್ತು.

ಅತ್ತಿಗೆ ಎದ್ದರು. "ಸಾರ್," ಎಂದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವರ ಬಾಯಲ್ಲಿ ಆ ಮಾತು ಕೇಳಿರದ ಅವನಿಗೆ ಕಣ್ಣಲ್ಲಿ ನೀರೇ ಬಂತು. "ಯಾರು ಇರ್ಬೇಕು, ಯಾರು ಹೋಗ್ಬೇಕು ಅಂತ ತೀರ್ಮಾನ ಮಾಡೋರು ಯಾರು ಸಾರ್?"

ಗೊತ್ತಿಲ್ಲ ಅಂದುಬಿಟ್ಟರೆ ಮುಗಿಯಿತು. ಮ್ಯಾನೇಜರ್ ಹೇಳಿಕೊಟ್ಟದ್ದೂ ಹೆಚ್ಚುಕಡಿಮೆ ಅದನ್ನೇ.

"ನಾನು," ಎಂದ. "ನಾನೇ ಬರೆದುಕೊಡ್ಬೇಕಂತೆ. ಮಿಕ್ಕವರಿಗೆ ತಿಂಗಳ ಕೊನೆಗೆ ಕೆಲಸ ಇಲ್ಲ."

ಹಾಲ್ ತುಂಬ ಒಮ್ಮೆಗೇ ಕೂಗು ಎದ್ದಿತು. ಅತ್ತಿಗೆ ಕೈ ಎತ್ತಿದ ಮೇಲೆ ಅಡಗಿತು.

"ನನ್ನನ್ನ ಇಟ್ಕೊಂಡ್ರೆ ಇವರ್ಯಾರೂ ನಿನ್ನ ಮುಖಕ್ಕೆ ಉಗಿಯದೆ ಬಿಡಲ್ಲ. ಕಳಿಸಿದ್ರೆ ನಿನ್ನ ಅಣ್ಣನ ಔಷಧಿಗೆ ನಾನು ಯಾರ ಮುಂದೆ ಕೈ ಚಾಚ್ಲಿ? ಹೇಳು. ಇದಕ್ಕೂ ಬರೆಸ್ಕೊಂಡ್ ಬಂದಿದೀಯಾ?"

"ಇಲ್ಲ ಅತ್ತಿಗೆ." ಹಾಳೆಗಳನ್ನು ಟೇಬಲ್ ಮೇಲೆ ಬೋರಲು ಇಟ್ಟ. ಇನ್ನು ಓದುವುದಕ್ಕೆ ಏನೂ ಇರಲಿಲ್ಲ. "ನಾನು ಬರೆದುಕೊಡಲ್ಲ. ಯಾರ ಹೆಸರನ್ನೂ ಬರೆಯಲ್ಲ. ಬೇಕಾದ್ರೆ ಅವರೇ ಬಂದು ಇಲ್ಲಿ ನಿಂತು, ನಿಮ್ಮ ಮುಖ ನೋಡಿ ಹೇಳ್ಲಿ. ಹಾಗಂತ ಮ್ಯಾನೇಜರಿಗೆ ಹೇಳ್ತೀನಿ."

"ಯಾವಾಗ?"

"ಈಗ್ಲೇ. ಕೋಣೆಗೆ ಹೋಗಿ ಫೋನ್ ಮಾಡ್ತೀನಿ."

"ಇಲ್ಲೇ ಮಾಡು," ಎಂದರು ಅತ್ತಿಗೆ.

ಅವನು ಜೇಬಿನಿಂದ ಫೋನ್ ತೆಗೆದ. ನಂಬರ್ ಒತ್ತಿ, ಸ್ಪೀಕರಿಗೆ ಹಾಕಿ, ಟೇಬಲ್ಲಿನ ಮೇಲಿಟ್ಟ. ಆ ಕಡೆ ರಿಂಗ್ ಆಗತೊಡಗಿತು. ಅತ್ತಿಗೆ ಗೋಡೆಯ ಹತ್ತಿರ ಹೋಗಿ, ಮಾತು ಎಲ್ಲರಿಗೂ ಸರಿಯಾಗಿ ಕೇಳಿಸಲಿ ಎಂದು ಫ್ಯಾನ್ ಆರಿಸಿದರು.