ಸ್ಯಾಂಪಲ್ ಚೀಲದ ಹಿಡಿಕೆ

ಹೊಲಿಗೆ ಅಂಗಡಿಯ ಯಜಮಾನನಿಗೆ ಬೀದಿಯವರೆಲ್ಲ 'ಎರಡು ಹೊಲಿಗೆ' ಎಂದೇ ಹೆಸರಿಟ್ಟಿದ್ದರು. ಚೀಲದ ಹಿಡಿಕೆಗೆ ಒಂದು ಸುತ್ತು ಹೊಲಿಗೆ ಸಾಲದು ಎಂದು ಅದರ ಮೇಲೆ ಕತ್ತರಿಯಾಕಾರದಲ್ಲಿ ಇನ್ನೊಂದು ಸುತ್ತು ಹಾಕುವುದು ಅವನ ಹುಚ್ಚು. ನಾಲ್ಕಾರು ದಿನಸಿ ಅಂಗಡಿಗಳ ಸಾಹುಕಾರರೊಬ್ಬರಿಗೆ ಹಾಗೇ ಒಂದು ಸ್ಯಾಂಪಲ್ ಚೀಲ ಹೊಲಿದು ಕೊಟ್ಟು ಬಂದ. ಅದೇ ವಾರ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಹೆಂಡತಿ ಅತ್ತಿರಲಿಲ್ಲ. ಕೆಲಸ ಕೊಟ್ಟರೆ ಮಾಡುತ್ತಿದ್ದಳು, ಊಟ ಬಡಿಸಿದರೆ ಉಣ್ಣುತ್ತಿದ್ದಳು. ಮೈಯೆಲ್ಲ ಜೋಮು ಹಿಡಿದಂತಿತ್ತು.

"ಸ್ಯಾಂಪಲ್ ಕೊಟ್ಟು ಸುಮ್ನಿದ್ರೆ ಸಾಹುಕಾರ್ರು ಬೇರೆ ಕಡೆ ಹೋಗ್ತಾರೆ. ಈ ಆರ್ಡರ್ ಬರಲಿಲ್ಲಾಂದ್ರೆ ಅಂಗಡಿ ಬಾಗಿಲು ಮುಚ್ಚಬೇಕು ಕಣಮ್ಮ," ಎಂದರು ಅತ್ತೆ. ಮಗನನ್ನು ಕಳೆದುಕೊಂಡರೂ ವ್ಯವಹಾರದ ಬುದ್ಧಿ ಕಳೆದುಕೊಂಡವರಲ್ಲ.

ಸೊಸೆ ಗಂಡನ ಫೋನಿನಲ್ಲೇ ಬರೆದಳು: 'ನಮಸ್ಕಾರ ಸರ್. ಸ್ಯಾಂಪಲ್ ಚೀಲ ನೋಡಿದಿರಾ? ದರಪಟ್ಟಿ ಜೊತೆಗಿದೆ.' ಐನೂರು ಚೀಲಕ್ಕೆ ಒಂದು ದರ, ಸಾವಿರಕ್ಕೆ ಕಡಿಮೆ, ಐದು ಸಾವಿರಕ್ಕೆ ಇನ್ನೂ ಕಡಿಮೆ. ಚೀಲದ ಮೇಲೆ ಅಂಗಡಿ ಹೆಸರು ಅಚ್ಚು ಹಾಕಿಸಿದರೆ ಪ್ರತ್ಯೇಕ. ತೆರಿಗೆ, ಸಾಗಾಣಿಕೆ ಬೇರೆ. ದರ ಈ ತಿಂಗಳ ಕೊನೆಯವರೆಗೆ ಮಾತ್ರ. ಕೊನೆಗೆ ಅವನು ಯಾವಾಗಲೂ ಬರೆಯುತ್ತಿದ್ದ ಸಾಲು: 'ಸರಕು ಸ್ಯಾಂಪಲ್‌ನಂತೆಯೇ ಇರುತ್ತದೆ.' ಕೈ ತಾನಾಗಿ ಬರೆಯಿತು, ಕಳಿಸಿತು.

ಉತ್ತರ ತಡವಾಗಲಿಲ್ಲ. 'ಚೀಲ ಒಪ್ಪಿಗೆ, ದರಾನೂ ಒಪ್ಪಿಗೆ. ಐದು ಸಾವಿರ ಬೇಕು. ಆದ್ರೆ ಹಿಡಿಕೆ ನೀವೇ ಹೊಲೀಬೇಕು ಅಣ್ಣಾ. ಬೇರೆಯವರ ಕೈಗೆ ಕೊಡ್ಬೇಡಿ.'

ಅತ್ತೆ ಕನ್ನಡಕ ಸರಿಮಾಡಿಕೊಂಡು ಓದಿದರು. "ಆಯ್ತು ಅಂತ ಹಾಕು. ಸತ್ತ ಸುದ್ದಿ ಹೇಳಿದ್ರೆ ಓಡಿಹೋಗ್ತಾರೆ."

"ಅವರ ಥರ ನಂಗೆ ಬರಲ್ಲ ಅತ್ತೆ. ಎರಡನೇ ಸುತ್ತು ಓರೆಯಾಗುತ್ತೆ. ಐದು ಸಾವಿರ ಚೀಲ ವಾಪಸ್ ಬಂದ್ರೆ ಎಲ್ಲಿಗೆ ಹೋಗೋಣ?"

ಅತ್ತೆ ಫೋನನ್ನು ಅವಳ ಕೈಗೆ ಕೊಟ್ಟರು. ಅವಳು ಬರೆದಳು: 'ಅವರು ತೀರಿಕೊಂಡರು ಸರ್. ನಾನು ಅವರ ಹೆಂಡತಿ. ಹಿಡಿಕೆಗೆ ನನ್ನದು ಒಂದೇ ಸುತ್ತು ಹೊಲಿಗೆ, ಆದರೆ ಪಟ್ಟಿ ದಪ್ಪ ಇರುತ್ತೆ. ನಾಳೆ ನಾನು ಹೊಲಿದ ಸ್ಯಾಂಪಲ್ ತರ್ತೀನಿ, ಭಾರ ತುಂಬಿ ನೋಡಿ. ಒಪ್ಪಿಗೆಯಾದರೆ ಮಾತ್ರ ಆರ್ಡರ್ ಕೊಡಿ.' ಇಷ್ಟು ಬರೆಯುವಾಗಲೂ ಅವಳಿಗೆ ಏನೂ ಅನಿಸಲಿಲ್ಲ.

ಅತ್ತೆ ಎದ್ದು ಬೆಳಗಿನ ಬಟ್ಟೆತುಂಡುಗಳನ್ನು ಗುಡಿಸಿ ಬಂದು ಅವಳ ಪಕ್ಕದಲ್ಲಿ ಕೂತರು. ಆಮೇಲೆ ಫೋನು ಗುನುಗಿತು.

'ತನ್ನಿ ಅಮ್ಮಾ, ನೋಡೋಣ. ಒಪ್ಪಿದ ಸ್ಯಾಂಪಲ್ ನಾವು ವಾಪಸ್ ಕೊಡಲ್ಲ, ಸರಕು ತಾಳೆ ನೋಡೋಕೆ ಇಟ್ಕೋತೀವಿ. ಆದ್ರೆ ಅವರು ಹೊಲಿದ ಚೀಲ ತೆಗೆದಿಟ್ಟಿರ್ತೀನಿ. ನಾಳೆ ತಗೊಂಡು ಹೋಗಿ.'

ಅದು ಅವನು ಹೊಲಿದ ಕೊನೆಯ ಚೀಲ. ಅವಳಿಗೆ ಅಲ್ಲಿಯವರೆಗೂ ಅದು ಹೊಳೆದೇ ಇರಲಿಲ್ಲ. ಫೋನನ್ನು ಹೊಲಿಗೆ ಯಂತ್ರದ ಮೇಲಿಟ್ಟು ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿ ಜೋರಾಗಿ ಅತ್ತಳು.