ಮುದ್ರೆ ಇಲ್ಲದ ಜಾಗ

ದೊಡ್ಡಮ್ಮ ಬಳೆ ಕೊಂಡ ದಿನ ಅದನ್ನು ಮೊದಲು ನೋಡಿ ‘ಸರಿಯಿದೆ’ ಎಂದವಳು ನಾನು. ಚಿನ್ನದ ಒಡವೆಗಳ ಶುದ್ಧತೆ ಪರೀಕ್ಷಿಸಿ ಹಾಲ್‌ಮಾರ್ಕ್ ಮುದ್ರೆ ಹಾಕುವ ಕೇಂದ್ರದಲ್ಲಿ ನನಗೆ ಕೆಲಸ. ಹಾಗಾಗಿ ಮನೆಯಲ್ಲಿ ಯಾರು ಏನು ಕೊಂಡರೂ ನನ್ನ ಮುಂದೆ ತಂದಿಡುತ್ತಾರೆ. ಅಂದು ಭೂತಗನ್ನಡಿ ಹಿಡಿದು ಬಳೆಯ ಒಳಮೈ ನೋಡಿದೆ. ಹಾಲ್‌ಮಾರ್ಕಿನ ಚಿಹ್ನೆ ಇತ್ತು, ಸಾವಿರಕ್ಕೆ ಅಷ್ಟು ಪಾಲು ಚಿನ್ನ ಎನ್ನುವ 916 ಇತ್ತು, ಪಕ್ಕದಲ್ಲಿದ್ದ ಗುರುತಿನ ಸಂಖ್ಯೆ ಬಿಲ್ಲಿನಲ್ಲಿದ್ದದ್ದರ ಜೊತೆ ಅಕ್ಷರಕ್ಕಕ್ಷರ ಹೊಂದಿತು. ಇಪ್ಪತ್ತೆರಡು ಕ್ಯಾರೆಟ್ ಎಂದು ಎಲ್ಲರೆದುರು ಹೇಳಿಬಿಟ್ಟೆ.

ದೊಡ್ಡಮ್ಮ ಜೀವಮಾನವೆಲ್ಲ ಹೊಲಿಗೆ ಮಿಷಿನ್ ತುಳಿದವಳು. ತನಗೆಂದು ತಾನೇ ಕೊಂಡ ಮೊದಲ ಬಂಗಾರ ಅದು. ಒಂದೇ ಬಳೆ.

“ಇನ್ನೊಂದು ಕೈಗೆ ವಾಚಿದೆಯಲ್ಲ, ಸಾಕು” ಎಂದು ನಕ್ಕಿದ್ದಳು. ಅವಳ ಮಗ, ನನ್ನ ತಮ್ಮ, ಬಳೆ ಕೊಂಡ ಅಂಗಡಿಯ ಹಿಂದಿನ ಕೋಣೆಯಲ್ಲೇ ಅಕ್ಕಸಾಲಿ. ಬೆರಳಿನ ಗಂಟುಗಳು ಊದಿ ಅವಳ ಕೈಗೆ ಬಳೆ ಏರದಿದ್ದಾಗ, ಬಿಲ್ಲು ಬರೆಯುವ ಮೊದಲೇ ಅದನ್ನು ಒಂದಳತೆ ದೊಡ್ಡದು ಮಾಡಿಕೊಟ್ಟವನೂ ಅವನೇ.

ವಾರ ಕಳೆದು ಇಬ್ಬರೂ ನಮ್ಮ ಕೇಂದ್ರಕ್ಕೆ ಬಂದರು. ತಮ್ಮ ಸ್ಕೂಟರ್ ನಿಲ್ಲಿಸಿ ಬಾಗಿಲಾಚೆಯೇ ನಿಂತ.

“ನಿನ್ನ ಮಿಷಿನ್ನಲ್ಲಿ ಇದನ್ನ ಒಂದ್ಸಲ ಇಟ್ಟು ತೋರಿಸೇ” ಎಂದಳು ದೊಡ್ಡಮ್ಮ. ಕೈಯಲ್ಲಿ ಬಳೆಯ ಪೆಟ್ಟಿಗೆ, ಅದರೊಳಗೆ ಬಿಲ್ಲು.

“ಅವತ್ತೇ ನೋಡಿದ್ನಲ್ಲ ದೊಡ್ಡಮ್ಮ.”

“ಅವತ್ತು ಕಣ್ಣಲ್ಲಿ ನೋಡಿದ್ದು. ಪಕ್ಕದ ಮನೆಯವಳ ಹತ್ರ ಮಿಷಿನ್ನೇ ಹೇಳ್ತು ಅನ್ಬೇಕು ನಾನು. ಅವಳು ನನ್ನ ಮಾತು ನಂಬಲ್ಲ, ನಿನ್ನ ಮಾತಂತೂ ಮೊದಲೇ ಇಲ್ಲ.”

ಹೊರಗಿನ ಜನರೂ ಶುಲ್ಕ ಕಟ್ಟಿ ತಮ್ಮ ಒಡವೆ ಪರೀಕ್ಷಿಸಿಕೊಳ್ಳಬಹುದು. ರಸೀದಿ ಹರಿದುಕೊಟ್ಟೆ. ಶುದ್ಧತೆ ಗೊತ್ತಿರುವ ಚಿನ್ನದ ತುಂಡನ್ನು ಮೊದಲು ಯಂತ್ರದಲ್ಲಿಟ್ಟು ಅದು ಸರಿ ಓದುತ್ತಿದೆಯೇ ಎಂದು ನೋಡಿಕೊಂಡೆ. ಆಮೇಲೆ ಮುದ್ರೆಯ ಪಕ್ಕದ ಜಾಗವನ್ನು ಕಿರಣ ಬೀಳುವ ಕಿಂಡಿಯ ಮೇಲಿಟ್ಟು ಮುಚ್ಚಳ ಹಾಕಿದೆ. ಚಿನ್ನ ನೂರಕ್ಕೆ ತೊಂಬತ್ತೊಂದು ಪಾಯಿಂಟ್ ಏಳು.

“ನೋಡು, ನಿನ್ನ ಬಳೆ ಪಾಸಾಯ್ತು.”

“ಎಲ್ಲಾ ಕಡೆ ನೋಡು. ದುಡ್ಡು ಕಟ್ಟಿಲ್ವಾ?”

ಬಳೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಇಡುತ್ತ ಹೋದೆ. ಮುದ್ರೆಗೆ ಸರಿಯಾಗಿ ಎದುರು ಬದಿಯಲ್ಲಿ ಎಂಬತ್ತನಾಲ್ಕು ಎಂದು ಬಂತು.

ನಾನು ಮೊದಲು ಅನುಮಾನ ಪಟ್ಟದ್ದು ನನ್ನ ಮೇಲೆಯೇ. ಉಬ್ಬಿದ ಮೈ, ನೆಟ್ಟಗೆ ಕೂತಿಲ್ಲವೇನೋ. ಮತ್ತೆ ಇಟ್ಟೆ. ಅದೇ. ಗೊತ್ತಿರುವ ತುಂಡನ್ನು ಮತ್ತೆ ಓದಿಸಿದೆ, ಯಂತ್ರದಲ್ಲಿ ದೋಷವಿರಲಿಲ್ಲ. ಭೂತಗನ್ನಡಿ ಹಿಡಿದಾಗ ಎರಡು ಕೂದಲೆಳೆಯಂಥ ಗೆರೆಗಳು ಕಂಡವು. ಎರಡರ ನಡುವೆ ಕಿರುಬೆರಳಿನ ಉಗುರಿನಷ್ಟು ಜಾಗ. ಬಳೆ ದೊಡ್ಡದು ಮಾಡಲು ಕತ್ತರಿಸಿ ತುಂಡು ಸೇರಿಸಿದ್ದು ಅಲ್ಲಿ.

ಬೆಸುಗೆಯಲ್ಲಿ ಚಿನ್ನ ಕಡಿಮೆ ಇರುವುದುಂಟು, ಆದರೆ ಅದು ಗೆರೆಯಷ್ಟೇ ಅಗಲ. ನಾನು ಓದಿಸಿದ್ದು ಗೆರೆಗಳ ನಡುವಿನ ಜಾಗವನ್ನು. ಪೆಟ್ಟಿಗೆಯ ತಳದಲ್ಲಿ, ದೊಡ್ಡದು ಮಾಡುವ ಮೊದಲು ಬಳೆಗೆ ಕಟ್ಟಿದ್ದ ತೂಕದ ಚೀಟಿ ಇನ್ನೂ ದಾರದ ಸಮೇತ ಬಿದ್ದಿತ್ತು: ಹದಿನೇಳು ಪಾಯಿಂಟ್ ಒಂಬತ್ತು ಗ್ರಾಂ. ಬಿಲ್ಲಿನಲ್ಲಿ ಹದಿನೆಂಟು ಪಾಯಿಂಟ್ ಆರು. ಸೇರಿದ ತುಂಡಿನ ತೂಕವನ್ನೂ 916 ಎಂದೇ ಬರೆದಿದ್ದರು. ಮುದ್ರೆ ಬಿದ್ದದ್ದು ಆ ತುಂಡು ಸೇರುವ ಮೊದಲು. ಅಂದು ಮನೆಯಲ್ಲಿ ನಾನು ಮುದ್ರೆಯನ್ನು ಓದಿದೆ, ಬಳೆಯನ್ನು ಓದಲಿಲ್ಲ.

“ಯಾಕೆ ಮುಖ ಹಂಗೆ ಮಾಡ್ಕೊಂಡೆ?” ದೊಡ್ಡಮ್ಮ ಕೇಳಿದಳು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಬೆಸುಗೆಯ ಕಾರಣಕ್ಕೆ ಸ್ವಲ್ಪ ಕಡಿಮೆ ತೋರಿಸುತ್ತಿದೆ ಎಂದರೆ ಅವಳು ನಂಬುತ್ತಿದ್ದಳು. ಬಾಗಿಲಾಚೆ ತಮ್ಮ ಸ್ಕೂಟರಿನ ಕನ್ನಡಿ ಒರೆಸುತ್ತಿದ್ದ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ. ಅವನ ಕೆಲಸ ಹೋದರೆ ಆ ಮನೆಗೆ ಉಳಿಯುವುದು ಹೊಲಿಗೆ ಮಿಷಿನ್ ಒಂದೇ. ನನ್ನ ಅನುಮಾನ ತಪ್ಪಾಗಿದ್ದರೆ ತಾಯಿ ಮಗನ ನಡುವೆ ಸುಮ್ಮನೆ ಕಡ್ಡಿ ಗೀರಿದಂತಾಗುತ್ತದೆ. ತಪ್ಪಲ್ಲದಿದ್ದರೆ?

“ದೊಡ್ಡಮ್ಮ, ಒಳಗಡೆ ಒಂದು ಸಣ್ಣ ಗೀಟು ಹಾಕ್ಬೇಕು. ಮೇಲೆ ಬಂಗಾರದ ನೀರು ಕೊಟ್ಟಿದ್ರೆ ಯಂತ್ರಕ್ಕೆ ಒಳಗಿಂದು ಸರಿಯಾಗಿ ಕಾಣಲ್ಲ. ನೀನು ಬೇಡ ಅಂದ್ರೆ ಬಿಡ್ತೀನಿ.”

ಅವಳು ಬೇಡ ಎನ್ನಲಿ ಎಂದು ನಾನು ಕಾಯುತ್ತಿದ್ದೆ.

“ಹೊಸಾ ಬಳೆಗೆ ಗೀಟಾ?” ಎಂದಳು. ನನ್ನ ಮುಖ ನೋಡಿದಳು. “ಹಾಕು.”

ಸಣ್ಣ ಅರದಿಂದ ಎರಡು ಸಲ ಉಜ್ಜಿದೆ. ಕೆಳಗೆ ಬಣ್ಣ ಪೇಲವವಾಗಿತ್ತು. ಮತ್ತೆ ಇಟ್ಟೆ. ಎಪ್ಪತ್ತೈದು ಪಾಯಿಂಟ್ ಎರಡು. ಹದಿನೆಂಟು ಕ್ಯಾರೆಟ್.

ಹೊರಗೆ ಹೋಗಿ ತಮ್ಮನನ್ನು ಕರೆದೆ. ಬಂದವನು ಯಂತ್ರದ ಪರದೆಯ ಕಡೆ ನೋಡಲೇ ಇಲ್ಲ.

“ಅಕ್ಕಾ, ಬೆಸುಗೆ ಇರುತ್ತಲ್ಲ ಅಲ್ಲಿ.”

“ಬೆಸುಗೆ ಎಷ್ಟಗಲ ಇರುತ್ತೋ ನಿನಗೆ ಗೊತ್ತು.”

ಅವನು ತಾಯಿಯ ಪಕ್ಕ ಬೆಂಚಿನ ತುದಿಯಲ್ಲಿ ಕೂತ.

“ಯಜಮಾನ್ರು ಕೊಟ್ಟ ತಗಡು ಅದು. ಬಣ್ಣ ನೋಡಿದ ಕೂಡ್ಲೇ ಗೊತ್ತಾಯ್ತು. ಇದು ನಮ್ಮಮ್ಮಂದು, ಇಪ್ಪತ್ತೆರಡರದ್ದು ಕೊಡಿ ಅಂದೆ. ‘ನಿಮ್ಮಮ್ಮನಿಗೊಂದು, ಊರಿಗೊಂದಾ?’ ಅಂದ್ರು. ಒಂದು ಚೂರು ತಾನೇ ಅಂತ ನಾನೂ ಹಾಕ್ಬಿಟ್ಟೆ.”

ದೊಡ್ಡಮ್ಮ ಬಳೆ ತೆಗೆದುಕೊಂಡು ಗೀಟು ಬಿದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು, ಹೊಲಿಗೆ ಜಾರಿದ ಕಡೆ ಬಟ್ಟೆ ಸವರಿ ನೋಡುವ ಹಾಗೆ.

“ಊರಿಗೊಂದು ಅಂದ್ರೆ ಏನೋ? ದೊಡ್ಡದು ಮಾಡಿಸ್ಕೊಂಡೋರಿಗೆಲ್ಲ ಇದೇನಾ ಹಾಕ್ತಿದ್ದದ್ದು?”

ಅವನು ತಲೆ ತಗ್ಗಿಸಿದ.

“ನೀನೇ ಹಾಕ್ತಿದ್ದದ್ದಾ?”

“ನಾನು, ಇನ್ನೊಬ್ಬರು. ಹೇಳಿದ್ದು ಮಾಡೋದು ಅಷ್ಟೇ ಅಮ್ಮ ನಮ್ದು.”

“ನನ್ನದಕ್ಕೆ ಒಂದ್ಸಲ ಕೇಳಿದೆ. ಅವರದ್ದಕ್ಕೆ?”

ಪಕ್ಕದ ಕೋಣೆಯಲ್ಲಿ ಮುದ್ರೆ ಹಾಕುವ ಲೇಸರ್ ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಅವನ ಅಂಗಡಿಯ ಬಳೆಗಳು ಮುದ್ರೆಗೆ ಬರುವುದೂ ಇಲ್ಲಿಗೇ. ಎಲ್ಲವೂ ಸರಿಯಾಗಿಯೇ ಬರುತ್ತಿದ್ದವು, ಸರಿಯಾಗಿಯೇ ಹೋಗುತ್ತಿದ್ದವು.

“ಅಕ್ಕಾ, ವರದಿಯಲ್ಲಿ ಏನು ಬರೀತೀಯ?” ಎಂದ ಅವನು, ಬಹಳ ಮೆಲ್ಲಗೆ.

“ಯಂತ್ರ ಹೇಳಿದ್ದು ಬರೀತೀನಿ. ಯಾವ ಜಾಗದಲ್ಲಿ ಎಷ್ಟು ಅಂತ. ಯಾರು ಮಾಡಿದ್ದು ಅಂತ ಬರೆಯೋ ಜಾಗ ಅದರಲ್ಲಿಲ್ಲ.”

ಅದು ನೆಮ್ಮದಿಯ ಮಾತಲ್ಲ ಎಂದು ಅವನಿಗೂ ಗೊತ್ತಿತ್ತು.

“ಬರಿ” ಎಂದಳು ದೊಡ್ಡಮ್ಮ. “ಅದನ್ನ ತಗೊಂಡು ಅಂಗಡಿಗೆ ನಾನೇ ಹೋಗ್ತೀನಿ. ಅವರು ಈ ಬಳೆ ಬದಲಾಯಿಸಿಕೊಟ್ಟು ಬಾಯಿ ಮುಚ್ಚಿಸ್ತಾರೆ, ನಂಗೊತ್ತು. ಉಳಿದೋರದ್ದು ಏನ್ ಮಾಡ್ತೀರಿ ಅಂತ ಕೇಳ್ತೀನಿ.” ಮಗನ ಕಡೆ ತಿರುಗಿದಳು. “ನೀನು ಆಗ ಕೌಂಟರಿನ ಆ ಕಡೆ ನಿಂತ್ಕೊತೀಯೋ, ಈ ಕಡೆಯೋ, ಈಗಲೇ ಹೇಳ್ಬೇಡ. ಯೋಚನೆ ಮಾಡು.”

ನಾನು ಬರೆಯಲು ಕೂತೆ. ಮುದ್ರೆಯ ಪಕ್ಕ: 91.7. ಎದುರು ಬದಿ, ಎರಡು ಬೆಸುಗೆಗಳ ನಡುವೆ, ಮೇಲ್ಪದರ ಉಜ್ಜಿದ ನಂತರ: 75.2. ಸಹಿ ಹಾಕಿದೆ. ಅಂಕಿಗಳನ್ನು ಮತ್ತೊಮ್ಮೆ ಪರದೆಗೆ ಹೋಲಿಸಿ ನೋಡಿ ಕೊಟ್ಟೆ.

ದೊಡ್ಡಮ್ಮ ಬಳೆಯನ್ನು ಕೈಗೆ ಹಾಕಿಕೊಳ್ಳದೆ ಪೆಟ್ಟಿಗೆಯಲ್ಲಿಟ್ಟಳು. ಹೊರಗೆ ತಮ್ಮ ಸ್ಕೂಟರ್ ತಿರುಗಿಸಿ ಕಾದ. ಅವಳು ಹಿಂದೆ ಕೂತು, ಎಂದಿನಂತೆ ಅವನ ಹೆಗಲ ಮೇಲೆ ಕೈ ಇಡದೆ, ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದುಕೊಂಡಳು.

“ಅಮ್ಮ, ಹಿಡ್ಕೋ” ಎಂದ ಅವನು.

ಗಾಡಿ ಸ್ವಲ್ಪ ಹೊತ್ತು ಹೊರಡಲೇ ಇಲ್ಲ.