ನಂಜುಂಡಯ್ಯ ಕೊಟ್ಟ ಮಾತ್ರೆ

ಮಂಡಿ ಮೊಹಲ್ಲಾದ ಔಷಧಿ ಅಂಗಡಿಯಲ್ಲಿ ನಂಜುಂಡಯ್ಯ ಬೆಳಿಗ್ಗೆ ಬಾಗಿಲು ತೆಗೆದು ಧೂಳು ಹೊಡೆಯುತ್ತಿದ್ದರು. ಅಷ್ಟರಲ್ಲಿ ಪುಟ್ಟಮಾದಯ್ಯ ಬಂದು ಕೌಂಟರ್ ಹಿಡಿದುಕೊಂಡು ನಿಂತರು. ಇಬ್ಬರೂ ಒಂದೇ ಮುನಿಸಿಪಲ್ ಸ್ಕೂಲಿನಲ್ಲಿ, ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಒಬ್ಬರು ಔಷಧಿ ಮಾರುವುದಕ್ಕೆ ಬಂದರೆ ಇನ್ನೊಬ್ಬರು ಎರಡು ಬೀದಿ ಆಚೆಯ ಕಾರ್ಖಾನೆಯಲ್ಲಿ ಬೀಟೆ ಮರದ ಹಲಗೆಗೆ ಬೇರೆ ಬಣ್ಣದ ಮರದ ತುಣುಕು ಕೂರಿಸಿ ಆನೆ, ಹೂವು, ಅಂಬಾರಿ ಮೂಡಿಸುವ ಕುಸುರಿ ಕೆಲಸಕ್ಕೆ ಕೂತರು.

"ಲೋ ನಂಜ, ಹೊಟ್ಟೆ ಉರಿ ಕಣೋ. ಆ ಗುಲಾಬಿ ಬಣ್ಣದ ಔಷಧಿ ಕೊಡು, ಹೋಗ್ತೀನಿ."

ನಂಜುಂಡಯ್ಯ ಬಾಟಲಿಗೆ ಕೈ ಹಾಕಿದವರು ತಿರುಗಿ ನೋಡಿದರು. ಗೆಳೆಯನ ಮುಖ ಸುಣ್ಣ ಬಳಿದಂತೆ ಬಿಳಚಿತ್ತು. ಜನವರಿಯ ಚಳಿಯಲ್ಲೂ ಹಣೆಯ ಮೇಲೆ ಬೆವರು.

"ಎಷ್ಟು ದಿನದಿಂದ?"

"ಮೂರು ದಿನ. ನೆನ್ನೆಯಿಂದ ನಿಂತ್ರೆ ತಲೆ ಸುತ್ತು. ಏನೂ ಇಲ್ಲ ಬುಡು, ರಾಗಿಮುದ್ದೆ ಜಾಸ್ತಿ ಆಗಿರ್ಬೇಕು. ಕಕ್ಕಸಿಗೆ ಹೋದ್ರೂ ಕಪ್ಪಗೆ ಬರ್ತದೆ."

"ಕಪ್ಪಗೆ ಅಂದ್ರೆ?"

"ಟಾರು ಇದ್ದಂಗೆ. ಅಂಟಂಟು, ಏನೋ ಕೆಟ್ಟ ವಾಸನೆ."

ನಂಜುಂಡಯ್ಯ ಬಾಟಲಿಯನ್ನು ಕೆಳಗಿಟ್ಟರು. ನಲವತ್ತು ವರ್ಷ ಔಷಧಿಯ ನಡುವೆ ಕೂತವರಿಗೆ ಆ ಕಪ್ಪು ಏನು ಹೇಳುತ್ತದೆಂದು ಗೊತ್ತಿತ್ತು. ಹೊಟ್ಟೆಯೊಳಗೆ ರಕ್ತ ಒಸರಿ, ಜೀರ್ಣವಾಗುತ್ತಾ ಕೆಳಗಿಳಿದರೆ ಆ ಬಣ್ಣ. ಗೆಳೆಯನ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಬೆರಳಿಗೆ ಸಿಕ್ಕೂ ಸಿಗದಂತೆ ಓಡುತ್ತಿತ್ತು.

"ಮಂಡಿ ನೋವಿಗೆ ಏನು ನುಂಗ್ತಿದೀಯ?"

"ನೀನೇ ಕೊಟ್ಟೆಯಲ್ಲ, ಐಬುಪ್ರೊಫೇನ್. ದಿನಕ್ಕೆ ಮೂರು. ಹಬ್ಬದ ಆರ್ಡರ್ ಇತ್ತಲ್ಲ, ಕೆಲವು ದಿನ ನಾಲ್ಕು."

"ಹಾರ್ಟಿಗೆ ಕೊಟ್ಟಿರೋ ಆಸ್ಪಿರಿನ್?"

"ಅದನ್ನು ಬಿಟ್ಟರೆ ಡಾಕ್ಟ್ರು ಬೈತಾರೆ. ಅದೂ ಇದೆ."

"ಮತ್ತೆ ಸಂಜೆ?"

ಪುಟ್ಟಮಾದಯ್ಯ ನಾಚಿಕೊಂಡು ಬೀದಿಯ ಕಡೆ ನೋಡಿದರು. "ಕೆಲಸ ಮುಗಿದ ಮೇಲೆ ಒಂದು ಕ್ವಾರ್ಟರ್. ನಿಂಗೊತ್ತಿಲ್ಲದ್ದೇನು?"

ಗೊತ್ತಿತ್ತು. ಅಂಗಡಿಗೆ ಬೀಗ ಜಡಿದು, ಆಟೋ ಕೂಗಿ, "ಏನೂ ಕುಡೀಬೇಡ, ತಿನ್ನಬೇಡ" ಎಂದು ಗೆಳೆಯನನ್ನು ಒಳಗೆ ಕೂರಿಸಿದರು. ಪುಟ್ಟಮಾದಯ್ಯ ಸೀಟಿನಲ್ಲಿ ಒರಗಿ ಕಣ್ಣು ಮುಚ್ಚಿದರು. ಆಟೋ ದೊಡ್ಡಾಸ್ಪತ್ರೆಯ ಕಡೆ ತಿರುಗಿದಾಗ ನಂಜುಂಡಯ್ಯನವರ ಮನಸ್ಸು ಹಿಂದಕ್ಕೆ ಹೋಗಿತ್ತು.

ಇಸವಿ ಎಂಬತ್ತನಾಲ್ಕೋ ಎಂಬತ್ತೈದೋ ಇರಬೇಕು. ದಸರಾ ವಸ್ತುಪ್ರದರ್ಶನಕ್ಕೆ ಮೇಜುಗಳು ಹೋಗಬೇಕಿತ್ತು. ಪುಟ್ಟಮಾದಯ್ಯ ವಾರಗಟ್ಟಲೆ ನೆಲದ ಮೇಲೆ ಕೂತು, ದಾರದಷ್ಟು ತೆಳುವಾದ ಗರಗಸದಲ್ಲಿ ಆನೆಯ ಸೊಂಡಿಲು ಕೊರೆಯುತ್ತಿದ್ದ ದಿನಗಳು. ನೋವಿಗೆ ಬೆರಳು, ಬೆನ್ನು ಒಂದೂ ಹಿಡಿತದಲ್ಲಿರುತ್ತಿರಲಿಲ್ಲ. ಸಂಜೆ ಕಾರ್ಖಾನೆಯ ಹಿಂದಿನ ಹೊಂಗೆ ಮರದ ಕೆಳಗೆ ಎಲ್ಲರೂ ಸೇರುತ್ತಿದ್ದರು. ಮರದ ಪುಡಿ, ಮೆರುಗೆಣ್ಣೆ, ಹುರಿದ ಕಡಲೆಕಾಯಿಯ ವಾಸನೆ. ರೇಡಿಯೋದಲ್ಲಿ ಕ್ರಿಕೆಟ್. ನಂಜುಂಡಯ್ಯ ಕುಡಿಯುವವರಲ್ಲ, ಸೋಡಾ ಹಿಡಿದು ಕೂರುತ್ತಿದ್ದರು. ಆಗವರು ಬೇರೆಯವರ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಜೇಬಿನಲ್ಲಿ ಸದಾ ಒಂದೆರಡು ಮಾತ್ರೆ ಇರುತ್ತಿತ್ತು. ಒಂದು ಸಂಜೆ, "ಎರಡು ಆಸ್ಪಿರಿನ್ ನುಂಗಿ ಮೇಲೆ ಒಂದು ಗುಟುಕು ಹಾಕು, ಬೆಳಿಗ್ಗೆ ಕುದುರೆ ಆಗಿರ್ತೀಯ" ಎಂದು ಹೇಳಿದ್ದರು. ಅದು ನಿಜವೂ ಆಯಿತು. ಮಾರನೆಯ ದಿನ ಪುಟ್ಟಮಾದಯ್ಯ ಆನೆಗೆ ಕಣ್ಣು ಕೂರಿಸಿದರು. ಹಾಗೆ ಅಭ್ಯಾಸ ಬೆಳೆಯಿತು. ಯಾರಿಗೂ ಅದು ತಪ್ಪೆಂದು ಅನ್ನಿಸಲಿಲ್ಲ. ಇಪ್ಪತ್ತೈದರ ಹೊಟ್ಟೆ ತಾಳಿಕೊಂಡಿತ್ತು.

ಆಸ್ಪತ್ರೆಯಲ್ಲಿ ಎಲ್ಲ ಬೇಗ ಬೇಗ ನಡೆಯಿತು. ಕೈಗೆ ಡ್ರಿಪ್, ರಕ್ತದ ಪರೀಕ್ಷೆ, ಎರಡು ಬಾಟಲಿ ರಕ್ತ. ಗಂಟಲಿಂದ ನಳಿಗೆ ಇಳಿಸಿ ನೋಡಿದಾಗ ಜಠರದಲ್ಲಿ ಹುಣ್ಣು, ಅದರಿಂದ ರಕ್ತ ಒಸರುತ್ತಿತ್ತು. ನಳಿಗೆಯ ಮೂಲಕವೇ ಸಣ್ಣ ಕ್ಲಿಪ್ ಹಾಕಿ ನಿಲ್ಲಿಸಿದರು. ಅಷ್ಟರಲ್ಲಿ ಪುಟ್ಟಮಾದಯ್ಯನವರ ಹೆಂಡತಿ ತಿಮ್ಮಮ್ಮ ಹಿನಕಲ್ಲಿನಿಂದ ಬಂದಿದ್ದರು. ಅಲ್ಲಿ ಮಗಳ ಮನೆಯಲ್ಲಿ ಬಾಣಂತನ ನೋಡಿಕೊಳ್ಳುತ್ತಿದ್ದರು.

ವಾರ್ಡಿನ ಹೊರಗೆ ಡಾಕ್ಟರ್ ಧರಣಿ ಇಬ್ಬರನ್ನೂ ನಿಲ್ಲಿಸಿ ಹೇಳಿದರು. ಮಗಳ ವಯಸ್ಸಿನ ಹುಡುಗಿ, ಮಾತು ಮಾತ್ರ ನಿಧಾನ.

"ನೋಡಿ ಅಮ್ಮ, ಜಠರದಲ್ಲಿ ಆಸಿಡ್ ಇರುತ್ತೆ. ಅದು ಅದರ ಗೋಡೆಯನ್ನೇ ಸುಡಬಾರದು ಅಂತ ಒಳಗೆ ಲೋಳೆಯ ಪದರ ಇರುತ್ತೆ. ಆ ಪದರವನ್ನು ಹೊಸದಾಗಿ ಮಾಡ್ತಾ ಇರೋಕೆ ಮೈಯೊಳಗೆ ಒಂದು ವಸ್ತು ಬೇಕು. ಈ ನೋವಿನ ಮಾತ್ರೆಗಳು ನೋವನ್ನು ಕಡಿಮೆ ಮಾಡುವಾಗ ಆ ವಸ್ತುವನ್ನೂ ಕಡಿಮೆ ಮಾಡ್ತವೆ. ಪದರ ತೆಳ್ಳಗಾಗುತ್ತೆ. ಅದರ ಮೇಲೆ ಮದ್ಯ ಬಿದ್ದರೆ, ಅದೂ ಗೋಡೆಯನ್ನು ಕೆರಳಿಸಿ ಹುಣ್ಣಾಗಿಸುತ್ತೆ. ಹುಣ್ಣಾದರೆ ರಕ್ತ ಬರುತ್ತೆ, ನಿಲ್ಲಬೇಕು ತಾನೇ? ಆಸ್ಪಿರಿನ್ ರಕ್ತ ಗಟ್ಟಿಯಾಗೋದನ್ನೇ ತಡೆಯುತ್ತೆ. ಎಲ್ಲ ಒಂದರ ಮೇಲೊಂದು ಸೇರ್ತು. ವಯಸ್ಸಾದವರಿಗೆ ಅಪಾಯ ಇನ್ನೂ ಹೆಚ್ಚು."

"ಹೊಟ್ಟೆ ತುಂಬ ಉಂಡೇ ನುಂಗ್ತಿದ್ರು ಡಾಕ್ಟರಮ್ಮ," ಎಂದರು ತಿಮ್ಮಮ್ಮ.

"ಉಂಡರೆ ಉರಿ ಸ್ವಲ್ಪ ಕಡಿಮೆ ಅನ್ನಿಸಬಹುದು. ಆದರೆ ಮಾತ್ರೆ ರಕ್ತಕ್ಕೆ ಸೇರಿದ ಮೇಲೂ ಅದೇ ಕೆಲಸ ಮಾಡುತ್ತೆ." ಅವರು ನಂಜುಂಡಯ್ಯನ ಕಡೆ ತಿರುಗಿದರು. "ಆಸ್ಪಿರಿನ್ ತಾವಾಗಿ ನಿಲ್ಲಿಸಿಬಿಡಬೇಡಿ ಸಾರ್. ಹಾರ್ಟ್ ಡಾಕ್ಟರ ಜೊತೆ ಮಾತಾಡಿದೀನಿ. ಯಾವಾಗ ಶುರು ಮಾಡಬೇಕು ಅನ್ನೋದನ್ನು ನಾವು ಹೇಳ್ತೀವಿ, ಜೊತೆಗೆ ಹೊಟ್ಟೆ ಕಾಯೋ ಮಾತ್ರೆ ಇರುತ್ತೆ. ಆದರೆ ಐಬುಪ್ರೊಫೇನ್ ಇನ್ನು ಬೇಡ. ಕುಡಿತ ಅಂತೂ ಬೇಡವೇ ಬೇಡ."

ತಿಮ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಣ್ಣ, ನೀವು ಕಂಡ್ರಿ ಅಂತ ಉಳಿದ್ರು," ಎಂದರು.

ಆ ಮಾತನ್ನು ನಂಜುಂಡಯ್ಯ ತಡೆದುಕೊಳ್ಳಲಾರದೆ ಹೋದರು. "ಇಲ್ಲ ತಿಮ್ಮಮ್ಮ. ಆ ಅಭ್ಯಾಸ ಕಲಿಸಿದವನೇ ನಾನು. ಮೊನ್ನೆ ಮಂಡಿ ನೋವಿಗೆ ಮಾತ್ರೆ ಕೊಡುವಾಗಲೂ ಅವನು ಕುಡೀತಾನೆ ಅಂತ ಗೊತ್ತಿತ್ತು. ಹಾರ್ಟಿನ ಮಾತ್ರೆ ಇದೆ ಅಂತಲೂ ಗೊತ್ತಿತ್ತು. ಹಳೇ ಗೆಳೆಯ ಅಂತ ಸುಮ್ಮನೆ ಎತ್ತಿ ಕೊಟ್ಟುಬಿಟ್ಟೆ."

ತಿಮ್ಮಮ್ಮ "ಮೊನ್ನೆ ಕೊಡಬಾರದಾಗಿತ್ತು ಅಣ್ಣ," ಎಂದು ಮಾತ್ರ ಹೇಳಿ ಒಳಗೆ ಹೋದರು. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಮೂರನೆಯ ದಿನ ಪುಟ್ಟಮಾದಯ್ಯನ ಮುಖಕ್ಕೆ ಬಣ್ಣ ಬಂದಿತ್ತು. ನಂಜುಂಡಯ್ಯ ಮಂಚದ ಪಕ್ಕ ಸ್ಟೂಲು ಎಳೆದು ಕೂತು ಹೊಂಗೆ ಮರದ ಕೆಳಗಿನ ಆ ಸಂಜೆಯನ್ನು ಹೇಳಿ, ಕ್ಷಮೆ ಕೇಳುವುದಕ್ಕೆ ಹೊರಟರು.

"ಅದು ನಂಗೆ ಚೆನ್ನಾಗಿ ನೆನಪಿದೆ ಕಣೋ," ಎಂದು ಪುಟ್ಟಮಾದಯ್ಯ ನಕ್ಕರು. "ಆ ಆನೆ ನೋಡೋಕೆ ಜನ ಎಂಗೆ ನುಗ್ಗಿದ್ರು! ನಿಂಗಾಗ ಗೊತ್ತಿರಲಿಲ್ಲ, ನಂಗೂ ಗೊತ್ತಿರಲಿಲ್ಲ. ಮೊನ್ನೆ ನೀನು ಕೇಳಬೇಕಿತ್ತು, ನಾನೂ ಹೇಳಬೇಕಿತ್ತು. ಬುಡು."

"ಬಿಡೋದು ಹೇಗೆ?"

"ಕುಡಿತ ಬಿಡೋ ಕಷ್ಟ ನಂಗೆ ಇದೆ. ನೀನು ಈ ಕೊರಗನ್ನ ಬಿಡು. ಇಬ್ಬರೂ ಒಂದೊಂದು ಬಿಡೋಣ."

ಬೇಸಿಗೆ ಬರುವ ಹೊತ್ತಿಗೆ ಪುಟ್ಟಮಾದಯ್ಯ ಮತ್ತೆ ಕಾರ್ಖಾನೆಗೆ ಹೋದರು. ನೆಲದ ಮೇಲಲ್ಲ, ಎತ್ತರದ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು. ಮಂಡಿಗೆ ಬಿಸಿನೀರಿನ ಶಾಖ, ಡಾಕ್ಟರು ಹೇಳಿದ ವ್ಯಾಯಾಮ, ತೀರಾ ಕಷ್ಟವಾದಾಗ ಅಳತೆ ಮೀರದಂತೆ ಪ್ಯಾರಾಸಿಟಮಾಲ್. ನೋವು ಪೂರ್ತಿ ಹೋಗಲಿಲ್ಲ. ಸಂಜೆ ಐದಾದರೆ ಕುಡಿತದ ಆಸೆಗೆ ಬಾಯಿ ಒಣಗುತ್ತದೆ ಎನ್ನುತ್ತಿದ್ದರು. ಆ ಹೊತ್ತಿಗೇ ನಿಧಾನವಾಗಿ ನಡೆದು ಔಷಧಿ ಅಂಗಡಿಗೆ ಬರುತ್ತಿದ್ದರು.

ನಂಜುಂಡಯ್ಯ ಗಿರಾಕಿಗಳಿಗೆ ನೋವಿನ ಮಾತ್ರೆ ಕೊಡುವ ಮುಂಚೆ ಈಗ ಎರಡು ಮಾತು ಕೇಳುತ್ತಿದ್ದರು: ಬೇರೆ ಯಾವ ಮಾತ್ರೆ ನುಂಗ್ತೀರಿ, ಕುಡೀತೀರಾ? ಕೆಲವರು ಮುಖ ಗಂಟಿಕ್ಕಿ ಬೇರೆ ಅಂಗಡಿಗೆ ಹೋಗುತ್ತಿದ್ದರು. ಹೋಗಲಿ ಎಂದುಕೊಳ್ಳುತ್ತಿದ್ದರು.

"ಏನು ಕೊಡಲೋ?" ಎಂದು ಒಂದು ಸಂಜೆ ಗೆಳೆಯನನ್ನು ಕೇಳಿದರು.

"ಏನೂ ಬೇಡ. ಆ ಕುರ್ಚಿ ಈ ಕಡೆ ಹಾಕು. ಆರೂವರೆಗೆ ಆ ಚಪಲ ಇಳೀತದೆ, ಅಲ್ಲಿ ತನಕ ಏನಾದ್ರೂ ಮಾತಾಡ್ತಾ ಇರು."

ನಂಜುಂಡಯ್ಯ ಕುರ್ಚಿ ಎಳೆದರು. ಅವತ್ತು ಮಾತು ಅವರ ಸ್ಕೂಲಿನ ಲೆಕ್ಕದ ಮೇಷ್ಟರಿಂದ ಶುರುವಾಯಿತು.